ದಿರ್ಹಮ್ ಎಷ್ಟು ಇಡಬೇಕು, ಊರಿಗೆ ಎಷ್ಟು ಕಳಿಸಬೇಕು?

ಪ್ರಶ್ನೆ: ನಮ್ಮೂರು ಗೌರಿಬಿದನೂರು. ದುಬೈಯಲ್ಲಿ ಕೆಲಸ. ತಿಂಗಳಿಗೆ 4,000 ದಿರ್ಹಮ್ ಖರ್ಚು, 3,000 ಉಳಿಯುತ್ತೆ. ಊರಲ್ಲಿ ಮನೆ ಸಾಲ ಇದೆ, ಬಡ್ಡಿ ಸುಮಾರು 9 ಪರ್ಸೆಂಟ್, ಇಎಂಐ 25,000 ರೂಪಾಯಿ. ರೂಪಾಯಿ ಇನ್ನೂ ಬೀಳುತ್ತೆ, ದುಡ್ಡು ಅಲ್ಲೇ ಇಟ್ಕೋ ಅಂತಾರೆ ರೂಮಿನವರು. ಅಮ್ಮ ಎರಡು ಎಕರೆ ಜಮೀನು ನೋಡಿಟ್ಟಿದ್ದಾರೆ. ಎಷ್ಟು ಕಳಿಸಲಿ?

ನಾನು ಚಿಂತಾಮಣಿಯವನು. ದುಬೈಯಲ್ಲಿ ಒಂಬತ್ತು ವರ್ಷ ದುಡಿದು ವಾಪಸ್ ಬಂದಿದ್ದೇನೆ. ನಿಮಗೆ ಮೊದಲು ಹೇಳಬೇಕಾದ್ದು ನಾನು 2013ರಲ್ಲಿ ಪಟ್ಟ ಪಾಡು.

ಆ ವರ್ಷ ಮೇ ತಿಂಗಳಲ್ಲಿ ನನ್ನ ಹತ್ತಿರ ಇದ್ದ 12,000 ದಿರ್ಹಮನ್ನೂ ಊರಿಗೆ ಕಳಿಸಿ, ಹೊರದೇಶದಲ್ಲಿರುವವರು ರೂಪಾಯಿಯಲ್ಲಿ ಇಡುವ ಎನ್‌ಆರ್‌ಇ ಎಫ್‌ಡಿ ಮಾಡಿಬಿಟ್ಟೆ. ಆಗ ದಿರ್ಹಮ್‌ಗೆ ಸುಮಾರು 14 ರೂಪಾಯಿ 70 ಪೈಸೆ. ಅಂದರೆ ಹತ್ತಿರ ಹತ್ತಿರ 1,76,000 ರೂಪಾಯಿ. ಆಗಸ್ಟ್ ಕೊನೆಯಲ್ಲಿ ಕಂಪನಿಯವರು ಕೆಲಸದಿಂದ ತೆಗೆದರು. ರೂಮಿನ ಬಾಡಿಗೆಗೆ ಮುಂಗಡವಾಗಿ ಚೆಕ್ ಕೊಟ್ಟಿದ್ದೆ. ಅದು ಬೌನ್ಸ್ ಆಗುವ ಹಾಗಿರಲಿಲ್ಲ, ಬೇರೆ ಕೆಲಸ ಸಿಗುವವರೆಗೆ ಊಟಕ್ಕೂ ಬೇಕು. ಅಷ್ಟರಲ್ಲಿ ರೂಪಾಯಿ ಕುಸಿದು ಡಾಲರ್ 68 ದಾಟಿತ್ತು, ದಿರ್ಹಮ್ ಹದಿನೆಂಟೂವರೆಗೆ ಬಂದಿತ್ತು. ಅದೇ 12,000 ದಿರ್ಹಮ್ ವಾಪಸ್ ತರಿಸಲು 2,22,000 ರೂಪಾಯಿ ಬೇಕಾಯಿತು. ಎನ್‌ಆರ್‌ಇ ಎಫ್‌ಡಿ ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿ ಇಲ್ಲ, ಅದೂ ಹೋಯಿತು. ಕಮ್ಮಿ ಬಿದ್ದ 46,000 ರೂಪಾಯಿಯನ್ನು ಅಣ್ಣನ ಹತ್ತಿರ ಕೇಳಿ ಪಡೆದೆ.

ಹಾಗಾಗಿ ನಿಮ್ಮ ಹಣ ಎಲ್ಲಿ ಖರ್ಚಾಗಬೇಕೋ ಅಲ್ಲಿನ ನೋಟಿನಲ್ಲೇ ಇರಲಿ. ರೇಟು ಎಷ್ಟಿದೆ ಅನ್ನೋದು ಆಮೇಲಿನ ಮಾತು.

ಅಲ್ಲಿ ಕೆಲಸ ಹೋದರೆ ನಿಮಗೆ ನಾಲ್ಕು ತಿಂಗಳ ಖರ್ಚು ಕೈಯಲ್ಲಿರಬೇಕು. ತಿಂಗಳಿಗೆ 4,000 ಅಂದರೆ 16,000 ದಿರ್ಹಮ್. ಬಾಡಿಗೆ ಚೆಕ್ ಕೊಟ್ಟಿದ್ದರೆ ಅದರಲ್ಲಿ ಬಾಕಿ ಇರುವುದನ್ನೂ, ಊರಿಗೆ ಬರುವ ಟಿಕೆಟ್ಟನ್ನೂ ಇದರ ಮೇಲೆ ಸೇರಿಸಿ. ಕೆಲಸ ಬಿಟ್ಟಾಗ ಬರುವ ಗ್ರಾಚ್ಯುಟಿಯನ್ನು ಈ ಲೆಕ್ಕಕ್ಕೆ ತರಬೇಡಿ. ಅದು ಮೂಲ ವೇತನದ ಮೇಲೆ ಲೆಕ್ಕ ಆಗುತ್ತದೆ, ಮೊದಲ ಐದು ವರ್ಷದ ಸೇವೆಗೆ ವರ್ಷಕ್ಕೆ 21 ದಿನದ್ದು. ಕೈಗೆ ಬರುವುದು ತಡವಾದರೆ ಬಾಡಿಗೆಯವರು ಕಾಯುವುದಿಲ್ಲ.

ದಿರ್ಹಮ್‌ಗೆ 24 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇಎಂಐಗೆ ಕಳಿಸುವ ಖರ್ಚೂ ಸೇರಿ ತಿಂಗಳಿಗೆ ಸುಮಾರು 1,100 ಹೋಗುತ್ತದೆ. ಉಳಿದ 1,900 ಅಲ್ಲೇ ಇಡಿ. ಎಂಟೂವರೆ ತಿಂಗಳಲ್ಲಿ 16,000 ಆಗುತ್ತದೆ. ಅಲ್ಲಿಯವರೆಗೆ ಇಎಂಐ ಬಿಟ್ಟು ಬೇರೇನೂ ಕಳಿಸಬೇಡಿ, ಮನೆಯಲ್ಲಿ ಯಾರು ಏನೇ ಹೇಳಲಿ.

ಅದಾದ ಮೇಲೆ ರೂಮಿನವರ ಮಾತಿಗೆ ಬರೋಣ. 1997ರಿಂದ ಯುಎಇಯವರು ಒಂದು ಡಾಲರ್‌ಗೆ 3.6725 ದಿರ್ಹಮ್ ಅಂತ ಕಟ್ಟಿಹಾಕಿದ್ದಾರೆ. ಹಾಗಾಗಿ ದಿರ್ಹಮ್ ಇಟ್ಟುಕೊಂಡರೆ ಡಾಲರ್ ಇಟ್ಟುಕೊಂಡ ಹಾಗೇ. 2014ರ ಶುರುವಿನಲ್ಲಿ ಡಾಲರ್ ಸುಮಾರು 62 ಇತ್ತು, 2024ರ ಶುರುವಿನಲ್ಲಿ 83. ವರ್ಷಕ್ಕೆ ಲೆಕ್ಕ ಹಾಕಿದರೆ ಮೂರು ಪರ್ಸೆಂಟ್ ಬರುತ್ತದೆ. ನಿಮ್ಮ ಸಾಲದ ಬಡ್ಡಿ ಒಂಬತ್ತು. ಮೂರು ಪರ್ಸೆಂಟ್ ಸಿಗಬಹುದು ಅಂತ ದಿರ್ಹಮ್ ಹಿಡಿದು ಕಾಯುತ್ತಾ, ಖಂಡಿತವಾಗಿ ಒಂಬತ್ತು ಕಟ್ಟುತ್ತಾ ಕೂರುವುದು ಯಾವ ಲೆಕ್ಕ? 2013ರ ಹಾಗೆ ನಾಲ್ಕೇ ತಿಂಗಳಲ್ಲಿ ಕುಸಿಯುವುದೂ ಉಂಟು, ಆಗ ಕಾದವರು ಗೆದ್ದರು. ಆದರೆ ಅದೇ ಡಾಲರ್ ಮುಂದಿನ ವರ್ಷ ಮೇ ಹೊತ್ತಿಗೆ ಅರವತ್ತರ ಒಳಗೂ ಇಳಿದಿತ್ತು. ಆದ್ದರಿಂದ ಆ 1,900 ಪ್ರತಿ ತಿಂಗಳೂ ಸಾಲದ ಅಸಲಿಗೆ ಹೋಗಲಿ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲಕ್ಕೆ ಮುಂಚೆ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ. ಇಎಂಐ ಇಳಿಸಬೇಡಿ, ಕಂತುಗಳ ಸಂಖ್ಯೆ ಕಮ್ಮಿ ಮಾಡಿ ಅಂತ ಬ್ಯಾಂಕಿಗೆ ಬರೆದುಕೊಡಿ.

ಸಾಲ ತೀರಿದ ಮೇಲೆ ಸ್ವಲ್ಪ ಭಾಗ ಡಾಲರ್‌ನಲ್ಲೇ ಇರಲಿ ಅನ್ನಿಸಿದರೆ ಎಫ್‌ಸಿಎನ್‌ಆರ್ ಠೇವಣಿ ನೋಡಿ. ಒಂದರಿಂದ ಐದು ವರ್ಷದ್ದು, ಡಾಲರ್‌ನಲ್ಲಿ ಕಟ್ಟಿ ಡಾಲರ್‌ನಲ್ಲೇ ತೆಗೆದುಕೊಳ್ಳಬಹುದು. ನೀವು ಹೊರಗೆ ಇರುವಷ್ಟು ದಿನ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಊರಿಗೆ ಬಂದು ನೆಲೆಸುವುದೇ ಖಚಿತ ಅಂದರೆ ನಾನು ಜಾಸ್ತಿ ಭಾಗ ರೂಪಾಯಿಯಲ್ಲೇ ಇಡುತ್ತಿದ್ದೆ.

ಜಮೀನಿನ ವಿಷಯ ಮಾತ್ರ ಅಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿ. ಎನ್‌ಆರ್‌ಐ ಆದವರು ನಮ್ಮಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಸರಿ. ಅಮ್ಮನಿಗೆ ದುಡ್ಡು ಕೊಟ್ಟು ಅವರ ಹೆಸರಲ್ಲೇ ಕೊಳ್ಳಬಹುದು, ಆಗ ಅದು ಅವರದ್ದೇ ಆಸ್ತಿ. ನಿಮ್ಮ ಹೆಸರಿಗೆ ಅಂತ ಅಡ್ವಾನ್ಸ್ ಕೊಡುವ ಮುಂಚೆ ತಡೆಯಿರಿ.