ಮದುವೆಗೆ ಜೋಡಿ ಉಂಗುರ: ಚಿನ್ನನಾ, ಪ್ಲಾಟಿನಮ್ಮಾ? ಇಬ್ಬರಿಗೂ 6 ಮಿ.ಮೀ. ಅಗಲ ಇದ್ದರೆ ದಿನಾ ಹಾಕ್ಕೊಳ್ಳೋಕೆ ಆಗುತ್ತಾ?

6 ಮಿ.ಮೀ. ಅಂತ ಓದಿದ ಕೂಡಲೇ ನನ್ನ ಹೆಂಡತಿಯ ಬೆರಳು ನೆನಪಾಯಿತು. ನಾವೂ ಅದನ್ನೇ ಮಾಡಿಸಿದ್ದೆವು. ಇಬ್ಬರಿಗೂ 22 ಕ್ಯಾರಟ್, ಒಳಗೂ ಹೊರಗೂ ಚಪ್ಪಟೆ ಪಟ್ಟಿ. ಅವಳದೇ ಹತ್ತಿರ ಹತ್ತಿರ ಏಳು ಗ್ರಾಂ.

ನಾವು ಎಡವಿದ್ದು ಲೋಹದಲ್ಲಲ್ಲ, ಅಳತೆಯಲ್ಲಿ. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ, ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೇ ಹೋಗಿ ಕೂತಿದ್ದೆವು. ಚಳಿಗೆ ಬೆರಳು ಸಣ್ಣಗಾಗಿರುತ್ತೆ. ಅದರ ಮೇಲೆ ಅಂಗಡಿಯವರು ಅಳೆದಿದ್ದು ಗೊಂಚಲಲ್ಲಿ ನೇತಾಡೋ ತೆಳ್ಳನೆ ಅಳತೆ ಉಂಗುರಗಳಿಂದ. ತೆಳ್ಳನೆಯದು ಗೆಣ್ಣು ದಾಟಿ ಕೂತರೆ ಮಾಂಸಕ್ಕೆ ಅತ್ತಿತ್ತ ಸರಿಯಲು ಜಾಗ ಇರುತ್ತೆ. ಅಗಲ ಪಟ್ಟಿ ಅಷ್ಟೂ ಚರ್ಮವನ್ನು ಒಟ್ಟಿಗೆ ಹಿಡಿಯುತ್ತೆ. ನಂಬರ್ ಅದೇ ಇದ್ದರೂ ಬಿಗಿ ಜಾಸ್ತಿ. ಅರ್ಧ ಇಲ್ಲವೇ ಒಂದು ನಂಬರ್ ದೊಡ್ಡದು ಹೇಳಬೇಕಿತ್ತು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಏಪ್ರಿಲ್‌ನಲ್ಲಿ ವಿಜಯಪುರಕ್ಕೆ, ಅವಳ ತವರಿಗೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಬೆರಳು ಊದಿ ಉಂಗುರದ ಎರಡೂ ಬದಿ ಮಾಂಸ ಎದ್ದು ನಿಂತಿತ್ತು. ಸೋಪು, ಕೊಬ್ಬರಿ ಎಣ್ಣೆ, ತಣ್ಣೀರು, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಪತ್ತಾರರ ಹತ್ತಿರ ಓಡಿದೆವು. ಅವರು ಉಂಗುರದ ಕೆಳಗೆ ತೆಳು ತಗಡು ತೂರಿಸಿ, ಸಣ್ಣ ಗರಗಸದಲ್ಲಿ ಕೊಯ್ದು ಬಿಡಿಸಿದರು. "ಇಷ್ಟ ಅಗಲ ಯಾರ ಮಾಡಿಸಿಕೊಟ್ಟಾರವಾ ನಿನಗ?" ಅಂತ ಅವಳನ್ನು ಕೇಳಿದರು. ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಆ ಬಂಗಾರ ಕೊಟ್ಟು ಹೊಸದು ಮಾಡಿಸಿದೆವು, ಮಜೂರಿ ಎರಡನೇ ಸಲ ತೆತ್ತೆವು. ಈಗ ಅವಳದು 3 ಮಿ.ಮೀ., 18 ಕ್ಯಾರಟ್, ಒಳಮೈ ಸ್ವಲ್ಪ ಉಬ್ಬಿಸಿದ್ದು. ಅಂಚು ಚುಚ್ಚಲ್ಲ, ಗೆಣ್ಣಿನ ಮೇಲೆ ಜಾರಿ ಬರುತ್ತೆ. ಅಷ್ಟು ಸಣ್ಣ ಪಟ್ಟಿ 22 ಕ್ಯಾರಟ್‌ನಲ್ಲಿ ಬೇಡ ಅಂತ ನಾನೇ ಹಟ ಹಿಡಿದೆ. ಅದು ಮೆತ್ತಗೆ, ಪಾತ್ರೆ ತಿಕ್ಕೋ ಕೈಯಲ್ಲಿ ಬೇಗ ಸೊಟ್ಟಗಾಗುತ್ತೆ. 18 ಕ್ಯಾರಟ್‌ನಲ್ಲಿ ಬಂಗಾರ ನೂರಕ್ಕೆ 75 ಪಾಲು, ಉಳಿದದ್ದು ತಾಮ್ರ, ಬೆಳ್ಳಿಯಂಥದ್ದು, ಹಾಗಾಗಿ ಗಟ್ಟಿ.

ಪ್ಲಾಟಿನಂ ಕೆಟ್ಟದ್ದಲ್ಲ, ಅದರ ಮೇಲೂ ಗೀರು ಬೀಳುತ್ತೆ ಅಷ್ಟೇ. ಬಂಗಾರ 1064 ಡಿಗ್ರಿಗೆ ಕರಗಿದರೆ ಅದು ಕರಗೋದು 1768ಕ್ಕೆ. ಅಷ್ಟು ಶಾಖ ಬೇಕಾಗೋದರಿಂದ ನಾಳೆ ಸೈಜ್ ಬದಲಿಸಬೇಕಾದರೆ ಓಣಿಯ ಪತ್ತಾರರ ಕೈಲಿ ಸಾಮಾನ್ಯವಾಗಿ ಆಗಲ್ಲ, ದೊಡ್ಡ ಅಂಗಡಿಗೇ ಹೋಗಬೇಕು.

ಇನ್ನು 'ಇಬ್ಬರಿಗೂ ಒಂದೇ ಅಗಲ' ಅನ್ನೋ ಹಟ ಬಿಡಿ. ಬಣ್ಣ, ಅಂಚಿನ ಗೀಟು ಒಂದೇ ಇದ್ದರೆ ಜೋಡಿ ಅಂತ ಕಾಣುತ್ತೆ, ನನ್ನದು ಈಗಲೂ 6 ಮಿ.ಮೀ. ಅಳತೆಗೆ ಸಂಜೆ ಹೋಗಿ, ನಡೆದುಕೊಂಡೇ ಹೋಗಿ. ನಿಮಗೆ ಬೇಕಾದಷ್ಟೇ ಅಗಲದ ಉಂಗುರ ಒಂದನ್ನು ಹಾಕಿಸಿಕೊಂಡು ಕಾಲು ಗಂಟೆ ಸುಮ್ನೆ ಕೂತಿರಿ. ಮುಷ್ಟಿ ಕಟ್ಟಿ ನೋಡಿ. ತೆಗೆಯುವಾಗ ಗೆಣ್ಣಲ್ಲಿ ಸ್ವಲ್ಪ ತಡೆದು ಬಂದರೆ ಅದೇ ನಿಮ್ಮ ನಂಬರ್.