ಒಂದೇ ವಾಕ್ಯದಲ್ಲಿ ನಾಲ್ಕು ಭಾಗ: ಪ್ರಸ್ತಾವನೆಯನ್ನು ಬಿಡಿಸಿ ಬರೆಯುವ ಬಗೆ

ಪ್ರಶ್ನೆ: ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಉಷ್ಣಾಂಶ ನೋಡಿಕೊಳ್ಳುವ ಸೆನ್ಸರ್ ವ್ಯವಸ್ಥೆ ಕೂಡಿಸಿಕೊಡಲು ಮೂರು ಪುಟದ ಪ್ರಸ್ತಾವನೆ ಬರೆದು ಕೊಟ್ಟಿದ್ದೆ. ಮಾಲೀಕರು “ಸಾರಾಂಶ, ಕೆಲಸದ ವ್ಯಾಪ್ತಿ, ಕಾಲಾವಧಿ, ದರ, ಷರತ್ತು ಅಂತ ಬೇರೆ ಬೇರೆ ಮಾಡಿ ಕೊಡಿ, ಬ್ಯಾಂಕಿಗೂ ತೋರಿಸಬೇಕು” ಎಂದಿದ್ದಾರೆ. ಇರುವ ಪ್ಯಾರಾಗಳನ್ನೇ ಎತ್ತಿ ಆಯಾ ತಲೆಬರಹದ ಕೆಳಗೆ ಇಟ್ಟರೆ ಸಾಕೇ? ನಾನು ಬರೆದದ್ದು ಹೀಗಿದೆ: “ನಾಲ್ಕೂ ಕೊಠಡಿಗೆ ಒಳ್ಳೆಯ ಸೆನ್ಸರ್ ಹಾಕಿ, ವೈರಿಂಗ್ ಸಹಿತ ಸುಮಾರು ಎರಡು ಲಕ್ಷಕ್ಕೆ ಸೀಸನ್ ಒಳಗೆ ಮುಗಿಸಿಕೊಡುತ್ತೇವೆ, ಅಡ್ವಾನ್ಸ್ ಬಂದ ಕೂಡಲೇ ಕೆಲಸ ಶುರು, ಒಂದು ವರ್ಷ ಸರ್ವಿಸ್ ಫ್ರೀ.”

ಉತ್ತರ: ಪ್ಯಾರಾಗಳನ್ನು ಎತ್ತಿಟ್ಟರೆ ಸಾಲದು, ಏಕೆಂದರೆ ನೀವು ಕೊಟ್ಟಿರುವ ಈ ಒಂದೇ ವಾಕ್ಯದಲ್ಲಿ ನಾಲ್ಕು ಭಾಗಗಳ ವಿಷಯ ಕಲೆತುಕೊಂಡಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಣ್ಣ ಎಂಜಿನಿಯರಿಂಗ್ ಕೆಲಸಗಳನ್ನು ಹಿಡಿದು ಮಾಡಿಸುವ ನಾನು ಇಂತಹ ಪತ್ರಗಳನ್ನು ಅನೇಕ ಸಲ ಬಿಡಿಸಿ ಬರೆದಿದ್ದೇನೆ. ಮೊದಲು ಪತ್ರದ ಪ್ರತಿಯೊಂದು ವಾಕ್ಯವನ್ನು, ಅದರಲ್ಲಿ ಎಷ್ಟು ಮಾತುಗಳಿವೆಯೋ ಅಷ್ಟು ತುಂಡುಗಳಾಗಿ ಒಡೆಯಬೇಕು. ಆಮೇಲೆ ಒಂದೊಂದು ತುಂಡು ಎಲ್ಲಿಗೆ ಸೇರಿದ್ದು ಎಂದು ಬದಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಬೇಕು. ನಿಮ್ಮ ವಾಕ್ಯದಲ್ಲಿ “ಒಳ್ಳೆಯ ಸೆನ್ಸರ್” ಮತ್ತು “ವೈರಿಂಗ್ ಸಹಿತ” ಎಂಬವು ವ್ಯಾಪ್ತಿಗೆ, “ಸುಮಾರು ಎರಡು ಲಕ್ಷ” ದರಕ್ಕೆ, “ಸೀಸನ್ ಒಳಗೆ” ಕಾಲಾವಧಿಗೆ, “ಸರ್ವಿಸ್ ಫ್ರೀ” ಷರತ್ತಿಗೆ ಸೇರುತ್ತವೆ. ಅಡ್ವಾನ್ಸಿನ ಮಾತು ಮಾತ್ರ ದರಕ್ಕೂ ಕಾಲಾವಧಿಗೂ ಎರಡಕ್ಕೂ ಬೇಕು. ಹೀಗೆ ಒಡೆದು ಬೇರೆ ಬೇರೆ ಇಟ್ಟ ಕೂಡಲೇ, ಒಟ್ಟಿಗೆ ಓದುವಾಗ ಸರಿಯಾಗಿಯೇ ಕಂಡಿದ್ದ ಮಾತು ಎಷ್ಟು ಅರೆಬರೆಯಾಗಿತ್ತು ಎಂಬುದು ಕಾಣುತ್ತದೆ. ಎಷ್ಟು ಸೆನ್ಸರ್, ಯಾವ ವೈರಿಂಗ್, ಎರಡು ಲಕ್ಷಕ್ಕೆ ಜಿ.ಎಸ್.ಟಿ. ಸೇರಿದೆಯೇ ಇಲ್ಲವೇ ಎಂಬ ಯಾವುದಕ್ಕೂ ಅದರಲ್ಲಿ ಉತ್ತರವಿಲ್ಲ. ಬರೆಯುವ ಮೊದಲು ಈ ಖಾಲಿ ಜಾಗಗಳನ್ನು ಮಾಲೀಕರನ್ನು ಕೇಳಿಯೋ ನೀವೇ ಲೆಕ್ಕ ಹಾಕಿಯೋ ತುಂಬಿಕೊಳ್ಳಿ.

ಹಾಳೆಯ ಮೇಲೆ ಸಾರಾಂಶ ಮೊದಲು ಬಂದರೂ ಬರೆಯುವಾಗ ಕೆಲಸದ ವ್ಯಾಪ್ತಿಯಿಂದಲೇ ಆರಂಭಿಸಬೇಕು, ಉಳಿದ ನಾಲ್ಕೂ ಭಾಗಗಳು ನಿಂತಿರುವುದು ಅದರ ಮೇಲೆ. ಕೊಠಡಿಗೆ ನಾಲ್ಕರಂತೆ ಹದಿನಾರು ಸೆನ್ಸರ್ ಎಂದು ಹಿಡಿಯೋಣ. ಆಗ ವ್ಯಾಪ್ತಿಯ ಮೊದಲ ಕಲಮು “ನಾಲ್ಕು ಕೊಠಡಿಗಳಲ್ಲಿ ಉಷ್ಣಾಂಶ ಮತ್ತು ತೇವಾಂಶ ಅಳೆಯುವ 16 ಸೆನ್ಸರ್‌ಗಳ ಪೂರೈಕೆ; ಉಷ್ಣಾಂಶದಲ್ಲಿ ಹೆಚ್ಚೆಂದರೆ 0.5 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ” ಎಂದಾಗುತ್ತದೆ. ಎರಡನೆಯದು ಹತ್ತು ನಿಮಿಷಕ್ಕೊಮ್ಮೆ ಅಳತೆ ದಾಖಲಿಸಿ, ಮಿತಿ ಮೀರಿದಾಗ ಮೊಬೈಲಿಗೆ ಸಂದೇಶ ಕಳಿಸುವ ಪ್ಯಾನೆಲ್. ಮೂರನೆಯದು ಸೆನ್ಸರ್‌ಗಳಿಂದ ಪ್ಯಾನೆಲ್‌ವರೆಗಿನ ಕೇಬಲ್ ಮತ್ತು ಪೈಪು. ನಾಲ್ಕನೆಯದು ಜೋಡಣೆ, ಪರೀಕ್ಷೆ ಮತ್ತು ಮಾಲೀಕರ ಇಬ್ಬರು ನೌಕರರಿಗೆ ಅರ್ಧ ದಿನದ ತರಬೇತಿ. ಈ ನಾಲ್ಕಕ್ಕೂ ಸಂಖ್ಯೆ ಹಾಕಿ. ಮುಂದೆ ಎಲ್ಲ ಕಡೆ ಆ ಸಂಖ್ಯೆಯಿಂದಲೇ ಕರೆಯಬೇಕಾಗುತ್ತದೆ.

ಅದರ ಕೆಳಗೆ “ಇದರಲ್ಲಿ ಸೇರದಿರುವುದು” ಎಂಬ ಉಪಭಾಗವನ್ನು ತಪ್ಪದೆ ಇಡಿ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಗೆ ಕೊಟ್ಟ ಪ್ರಸ್ತಾವನೆಯಲ್ಲಿ ನಾನೂ ನಿಮ್ಮ ಹಾಗೆಯೇ “ವೈರಿಂಗ್ ಸಹಿತ” ಎಂದು ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಯಂತ್ರದಿಂದ ಪ್ಯಾನೆಲ್‌ವರೆಗಿನ ಕೇಬಲ್ ಮಾತ್ರ. ಅವರು ಅರ್ಥ ಮಾಡಿಕೊಂಡದ್ದು ಮುಖ್ಯ ಮೀಟರಿನಿಂದ ಹೊಸ ಲೈನು, ಅದಕ್ಕೊಂದು ಅರ್ಥಿಂಗ್ ಗುಂಡಿ, ಎಲ್ಲವೂ. ಬರೆದ ಶಬ್ದ ಅವರ ಪರವಾಗಿಯೇ ಇದ್ದುದರಿಂದ ಅಷ್ಟನ್ನೂ ನಾನೇ ಮಾಡಿಸಿಕೊಡಬೇಕಾಯಿತು, ಆ ಕೆಲಸದಲ್ಲಿ ಏನೂ ಉಳಿಯಲಿಲ್ಲ. ನಿಮ್ಮ ಪ್ರಸಂಗದಲ್ಲಿ ಸೇರದಿರುವುದು ಎಂದರೆ ಪ್ಯಾನೆಲ್‌ವರೆಗಿನ ವಿದ್ಯುತ್ ಸಂಪರ್ಕ, ಅರ್ಥಿಂಗ್, ಯು.ಪಿ.ಎಸ್., ಸಿಮ್ ಕಾರ್ಡಿನ ತಿಂಗಳ ಖರ್ಚು. ಕೊಠಡಿಯ ಪಫ್ ಪ್ಯಾನೆಲ್ ಗೋಡೆಗೆ ರಂಧ್ರ ಹಾಕುವವರು ಯಾರು, ಅದನ್ನು ಮುಚ್ಚುವವರು ಯಾರು ಎಂಬುದನ್ನೂ ಅಲ್ಲಿಯೇ ಬರೆಯಿರಿ. ರಂಧ್ರ ಸರಿಯಾಗಿ ಮುಚ್ಚದಿದ್ದರೆ ಹೊರಗಿನ ಬೆಚ್ಚನೆಯ ಗಾಳಿ ಒಳಹೊಕ್ಕು ಅಲ್ಲಿ ನೀರು ಕಟ್ಟುತ್ತದೆ, ಮೆಣಸಿನಕಾಯಿ ಚೀಲದ ಪಕ್ಕದಲ್ಲಿ ನೀರು ಎಂದರೆ ಬೂಸ್ಟು ಹಿಡಿದ ಮಾಲಿನ ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ.

ಕೆಲಸ ಮುಗಿಯಿತು ಎಂಬುದನ್ನು ಹೇಗೆ ತಿಳಿಯುವುದು ಎಂಬ ಮಾತೂ ವ್ಯಾಪ್ತಿಯಲ್ಲಿಯೇ ಇರಲಿ. ಸೆನ್ಸರಿನ ಪಕ್ಕದಲ್ಲಿ ಕ್ಯಾಲಿಬ್ರೇಶನ್ ಪ್ರಮಾಣಪತ್ರವಿರುವ ಥರ್ಮಾಮೀಟರ್ ಇಟ್ಟು, ಅರ್ಧ ಗಂಟೆಯ ನಂತರ ಎರಡರ ಅಂಕಿಗಳನ್ನೂ ಬರೆದುಕೊಳ್ಳುವುದು ಒಂದು ಪರೀಕ್ಷೆ. ಸೆನ್ಸರನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದಾಗ ಮುಂದಿನ ಅಳತೆಯ ಹೊತ್ತಿಗೆ, ಅಂದರೆ ಹತ್ತು ನಿಮಿಷದೊಳಗೆ, ಮಾಲೀಕರ ಮೊಬೈಲಿಗೆ ಸಂದೇಶ ಬರಬೇಕು ಎಂಬುದು ಇನ್ನೊಂದು. ಇಷ್ಟು ಸ್ಪಷ್ಟವಾಗಿ ಬರೆದಿದ್ದರೆ ಕೊನೆಯ ಕಂತು ಕೇಳುವಾಗ “ಇನ್ನೂ ಸ್ವಲ್ಪ ದಿನ ನೋಡೋಣ” ಎಂಬ ಮಾತಿಗೆ ಆಸ್ಪದ ಕಡಿಮೆಯಾಗುತ್ತದೆ.

ದರದ ಪಟ್ಟಿಯಲ್ಲಿ ವ್ಯಾಪ್ತಿಯ ಸಂಖ್ಯೆಗಳೇ ಅದೇ ಕ್ರಮದಲ್ಲಿ ಬರಬೇಕು. ಲೆಕ್ಕಕ್ಕೆಂದು ಸೆನ್ಸರ್ ಒಂದಕ್ಕೆ 4,200 ರೂಪಾಯಿ ಹಿಡಿದರೆ ಒಂದನೆಯ ಕಲಮಿಗೆ 67,200, ಎರಡನೆಯದಕ್ಕೆ 58,000, ಮೂರನೆಯದಕ್ಕೆ 34,800, ನಾಲ್ಕನೆಯದಕ್ಕೆ 40,000, ಒಟ್ಟು 2,00,000. ಇದರ ಮೇಲೆ ಶೇ. 18ರ ಜಿ.ಎಸ್.ಟಿ. 36,000 ಸೇರಿ 2,36,000 ಆಗುತ್ತದೆ. ನಿಮ್ಮ ಮೂಲ ವಾಕ್ಯದ “ಸುಮಾರು ಎರಡು ಲಕ್ಷ” ಎಂಬುದನ್ನು ಮಾಲೀಕರು ತೆರಿಗೆ ಸೇರಿದ ಮೊತ್ತ ಎಂದು ಓದಿಕೊಂಡಿದ್ದರೆ ಮೂವತ್ತಾರು ಸಾವಿರದ ವ್ಯತ್ಯಾಸ ಬಿಲ್ಲು ಕೊಡುವ ದಿನವೇ ಗೊತ್ತಾಗುತ್ತಿತ್ತು. ವ್ಯಾಪ್ತಿಯಲ್ಲಿರುವ ಕಲಮಿಗೆ ದರದ ಸಾಲು ಇಲ್ಲದಿದ್ದರೆ ಅದನ್ನು ಪುಕ್ಕಟೆ ಎಂದು ಓದುತ್ತಾರೆ, ದರದ ಸಾಲಿಗೆ ವ್ಯಾಪ್ತಿಯಲ್ಲಿ ಕಲಮು ಇಲ್ಲದಿದ್ದರೆ ಇದೇನು ಹೆಚ್ಚಿನದು ಎಂದು ಕೇಳುತ್ತಾರೆ. ಆದ್ದರಿಂದ ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮೆ ತಾಳೆ ನೋಡಿ. ಕಂತುಗಳೂ ಇಲ್ಲಿಯೇ ಬರಲಿ: ಆದೇಶದ ಜೊತೆಗೆ ಶೇ. 40 ಅಂದರೆ 94,400, ಜೋಡಣೆ ಮುಗಿದಾಗ ಮತ್ತೆ 94,400, ಪರೀಕ್ಷಾ ಚಾಲನೆ ಮುಗಿದಾಗ ಉಳಿದ 47,200. ದರ ಎಷ್ಟು ದಿನ ಊರ್ಜಿತ ಎಂಬುದನ್ನೂ ಬರೆಯಿರಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಪ್ರಸ್ತಾವದಲ್ಲಿ ಒಪ್ಪಿಗೆಗೆ ಅವಧಿ ಹೇಳಿದ್ದರೆ ಅದು ಮುಗಿದೊಡನೆ ಪ್ರಸ್ತಾವವೂ ಬಿದ್ದುಹೋಗುತ್ತದೆ, ಆರು ತಿಂಗಳ ನಂತರ ಹಳೆಯ ದರಕ್ಕೇ ಮಾಡಿಕೊಡಿ ಎನ್ನುವ ಪ್ರಸಂಗ ಬರುವುದಿಲ್ಲ.

ಕಾಲಾವಧಿಯಲ್ಲಿ ತಾರೀಖು ಬರೆಯಬೇಡಿ, ದಿನಗಳನ್ನು ಎಣಿಸಿ ಬರೆಯಿರಿ, ಮತ್ತು ಎಣಿಕೆ ಎಲ್ಲಿಂದ ಶುರು ಎಂಬುದನ್ನು ಮೊದಲ ಸಾಲಿನಲ್ಲಿಯೇ ಹೇಳಿರಿ. ಬ್ಯಾಡಗಿಯಲ್ಲಿ ಹೊಸ ಮಾಲು ಬರತೊಡಗಿ ಕೊಠಡಿ ತುಂಬಿತೆಂದರೆ ಚೀಲಗಳನ್ನು ಮೇಲಿನವರೆಗೂ ಒಟ್ಟಿರುತ್ತಾರೆ, ಹಿಂಬದಿಯ ಗೋಡೆಗೆ ಕೇಬಲ್ ಎಳೆಯಲು ಮನುಷ್ಯ ಹೋಗುವಷ್ಟೂ ಜಾಗವಿರುವುದಿಲ್ಲ. ಆದ್ದರಿಂದ ನೀವು ಬರೆದ “ಅಡ್ವಾನ್ಸ್ ಬಂದ ಕೂಡಲೇ” ಎಂಬುದು ಅರ್ಧ ಮಾತು. “ಮುಂಗಡ ಜಮೆಯಾದ ದಿನ ಅಥವಾ ನಾಲ್ಕೂ ಕೊಠಡಿಗಳನ್ನು ಖಾಲಿ ಮಾಡಿ ನಮಗೆ ಬಿಟ್ಟುಕೊಟ್ಟ ದಿನ, ಇವೆರಡರಲ್ಲಿ ಯಾವುದು ಕೊನೆಯದೋ ಅದನ್ನು ಮೊದಲ ದಿನ ಎಂದು ಎಣಿಸಲಾಗುವುದು” ಎಂದು ಬರೆಯಿರಿ. ಅಲ್ಲಿಂದ ಎರಡು ವಾರ ವರ್ಕ್‌ಶಾಪಿನಲ್ಲಿ ಪ್ಯಾನೆಲ್ ತಯಾರಿ, ಮೂರನೆಯ ವಾರ ಕೇಬಲ್, ನಾಲ್ಕನೆಯ ವಾರ ಜೋಡಣೆ, ನಂತರ ಹದಿನೈದು ದಿನ ಪರೀಕ್ಷಾ ಚಾಲನೆ. ದರದ ಭಾಗದಲ್ಲಿ ಕಂತಿಗೆ “ಜೋಡಣೆ ಮುಗಿದಾಗ” ಎಂದಿದ್ದರೆ ಇಲ್ಲಿಯೂ ಹಂತದ ಹೆಸರು “ಜೋಡಣೆ” ಎಂದೇ ಇರಬೇಕು. ಒಂದು ಕಡೆ “ಫಿಟಿಂಗ್”, ಇನ್ನೊಂದು ಕಡೆ “ಕಮಿಶನಿಂಗ್” ಎಂದು ಬರೆದರೆ ಬ್ಯಾಂಕಿನವರು ಅವನ್ನು ಎರಡು ಬೇರೆ ಹಂತಗಳೆಂದು ಓದಬಹುದು.

ಷರತ್ತುಗಳು ಚಿಕ್ಕದಾಗಿದ್ದಷ್ಟು ಒಳ್ಳೆಯದು. “ಸರ್ವಿಸ್ ಫ್ರೀ” ಎಂಬುದನ್ನು ಇಲ್ಲಿ ಎರಡಾಗಿ ಒಡೆಯಿರಿ: ಬಿಡಿಭಾಗ ಕೆಟ್ಟರೆ ಬದಲಿಸಿಕೊಡುವುದು ಒಂದು, ಕರೆದಾಗ ಬಂದು ನೋಡುವುದು ಇನ್ನೊಂದು. ಎರಡಕ್ಕೂ ಅವಧಿ ಒಂದು ವರ್ಷ, ದೂರು ಬಂದ ಎರಡು ಕೆಲಸದ ದಿನಗಳಲ್ಲಿ ಭೇಟಿ, ವೋಲ್ಟೇಜ್ ಏರುಪೇರಿನಿಂದ ಸುಟ್ಟರೆ ಅನ್ವಯವಿಲ್ಲ ಎಂದು ಹೇಳಿದರೆ ಸಾಕು. ಕೆಲಸದ ನಡುವೆ ಸೆನ್ಸರ್ ಹೆಚ್ಚಿಸಿ ಎಂದರೆ ಬರವಣಿಗೆಯ ಒಪ್ಪಿಗೆ ಮತ್ತು ಬೇರೆ ದರ ಎಂಬುದೂ, ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ ಎಂಬುದೂ ಇಲ್ಲಿಗೆ ಸೇರಿದವು. ನೀವು ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಯವರಾಗಿದ್ದರೆ ನೋಂದಣಿ ಸಂಖ್ಯೆಯನ್ನೂ ನಮೂದಿಸಿ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ ಹಣ ಪಾವತಿಗೆ ಇಬ್ಬರೂ ಒಪ್ಪಿ ಬರೆದುಕೊಂಡ ಗಡುವು ಸಹ 45 ದಿನ ಮೀರುವಂತಿಲ್ಲ, ಮೀರಿದರೆ ಬಡ್ಡಿ ಕೇಳುವ ಹಕ್ಕು ನಿಮಗಿದೆ.

ಇಷ್ಟಾದ ಮೇಲೆ ಸಾರಾಂಶ ಬರೆಯಿರಿ. ಅದು ಅರ್ಧ ಪುಟ ದಾಟಬಾರದು, ಮತ್ತು ಕೆಳಗಿನ ಭಾಗಗಳಲ್ಲಿ ಇಲ್ಲದ ಒಂದು ಅಂಕಿಯೂ ಅದರಲ್ಲಿ ಬರಬಾರದು. ನಿಮ್ಮ ಸಂಸ್ಥೆಯ ಪರಿಚಯದಿಂದ ಆರಂಭಿಸದೆ ಮಾಲೀಕರ ತೊಂದರೆಯಿಂದ ಆರಂಭಿಸಿ. ಉದಾಹರಣೆಗೆ: “ತಮ್ಮ ಕೋಲ್ಡ್ ಸ್ಟೋರೇಜಿನ ನಾಲ್ಕು ಕೊಠಡಿಗಳ ಉಷ್ಣಾಂಶವನ್ನು ಈಗ ನೌಕರರು ಕೈಯಿಂದ ಬರೆದಿಡುತ್ತಿರುವುದರಿಂದ ರಾತ್ರಿ ಕಂಪ್ರೆಸರ್ ನಿಂತರೆ ಬೆಳಗಿನವರೆಗೆ ತಿಳಿಯುವುದಿಲ್ಲ. 16 ಸೆನ್ಸರ್ ಮತ್ತು ಒಂದು ಪ್ಯಾನೆಲ್ ಮೂಲಕ ಹತ್ತು ನಿಮಿಷಕ್ಕೊಮ್ಮೆ ಅಳತೆ ದಾಖಲಿಸಿ, ಮಿತಿ ಮೀರಿದಾಗ ಮೊಬೈಲಿಗೆ ತಿಳಿಸುವ ವ್ಯವಸ್ಥೆಯನ್ನು ಕೂಡಿಸಿಕೊಡುವುದಾಗಿ ಪ್ರಸ್ತಾಪಿಸುತ್ತೇವೆ. ಕೊಠಡಿ ಬಿಟ್ಟುಕೊಟ್ಟು ಮುಂಗಡ ಜಮೆಯಾದ ನಂತರ ನಾಲ್ಕು ವಾರಗಳಲ್ಲಿ ಜೋಡಣೆ ಮುಗಿಯುವುದು. ಜಿ.ಎಸ್.ಟಿ. ಸೇರಿ ಒಟ್ಟು ವೆಚ್ಚ 2,36,000 ರೂಪಾಯಿ.” ಬ್ಯಾಂಕಿನ ಮ್ಯಾನೇಜರರು ಪೂರ್ತಿ ಓದುವ ಪುಟ ಬಹುಶಃ ಇದೊಂದೇ ಆಗಿರುತ್ತದೆ, ಹೀಗಾಗಿ ಒಟ್ಟು ಮೊತ್ತವನ್ನು ಇಲ್ಲಿ ಮುಚ್ಚಿಡಬೇಡಿ.

ಕಳುಹಿಸುವ ಮೊದಲು ಕಡತದಲ್ಲಿ “ಸುಮಾರು”, “ಇತ್ಯಾದಿ”, “ಅಗತ್ಯವಿದ್ದಂತೆ”, “ಸಹಿತ” ಎಂಬ ಶಬ್ದಗಳನ್ನು Ctrl+F ಒತ್ತಿ ಹುಡುಕಿ, ಸಿಕ್ಕಲ್ಲೆಲ್ಲ ಅಂಕಿಯನ್ನೋ ವಸ್ತುವಿನ ಹೆಸರನ್ನೋ ಹಾಕಿ. ಹಾಗೆಯೇ “ಸೆನ್ಸರ್” ಮತ್ತು “ಒಟ್ಟು” ಎಂಬವನ್ನು ಹುಡುಕಿ, ಸೆನ್ಸರ್‌ಗಳ ಒಟ್ಟು ಸಂಖ್ಯೆ 16, ಜಿ.ಎಸ್.ಟಿ. ಸೇರಿದ ಮೊತ್ತ 2,36,000 ಎಂದು ಎಲ್ಲ ಕಡೆ ಒಂದೇ ಇವೆಯೇ ನೋಡಿ. ಚೌಕಾಸಿಯಲ್ಲಿ ದರ ಇಳಿದಾಗ ಪಟ್ಟಿಯನ್ನು ತಿದ್ದಿ ಸಾರಾಂಶವನ್ನು ಮರೆಯುವುದು ಬಹಳ ಸಲ ಆಗುತ್ತದೆ. ನಿಮ್ಮ ಹಳೆಯ ಮೂರು ಪುಟದ ಪತ್ರ ಈಗಾಗಲೇ ಮಾಲೀಕರ ಕೈಯಲ್ಲಿದೆ, ಅದರಲ್ಲಿ “ವೈರಿಂಗ್ ಸಹಿತ ಸುಮಾರು ಎರಡು ಲಕ್ಷ” ಎಂಬ ಮಾತು ಹಾಗೆಯೇ ಉಳಿದಿದೆ. ಆದ್ದರಿಂದ ಹೊಸ ಪ್ರಸ್ತಾವನೆಯ ಷರತ್ತುಗಳ ಮೊದಲ ಸಾಲಾಗಿ, ಹಳೆಯ ಪತ್ರದ ತಾರೀಖನ್ನು ನಮೂದಿಸಿ, “ಆ ಪತ್ರದ ಬದಲಾಗಿ ಇದನ್ನು ಸಲ್ಲಿಸಲಾಗಿದ್ದು, ಹಿಂದಿನ ಪತ್ರದಲ್ಲಿನ ದರ ಮತ್ತು ವಿವರಗಳು ಇನ್ನು ಮುಂದೆ ಅನ್ವಯಿಸುವುದಿಲ್ಲ” ಎಂದು ಬರೆಯಿರಿ.