ಡೇಟಿಂಗ್ ಶೋಗೆ ಹೋಗುವ ಮುಂಚೆ ಆ ಇಂಟರ್‌ವ್ಯೂ ಕೋಣೆಯ ಬಗ್ಗೆ ತಿಳಿದುಕೊಳ್ಳಿ

ಪ್ರಶ್ನೆ: ಒಂದು ಡೇಟಿಂಗ್ ರಿಯಾಲಿಟಿ ಶೋಗೆ ಸೆಲೆಕ್ಟ್ ಆಗಿದ್ದೇನೆ. ಬಿಗ್ ಬಾಸ್ ತರಹ ಜಗಳ, ರಾಜಕೀಯ ಇರಲ್ಲ, ನಾನು ನಾನಾಗಿದ್ದರೆ ಸಾಕು ಅಂದುಕೊಂಡಿದ್ದೇನೆ. ಸರಿ ಅಲ್ವಾ?

ಇದನ್ನೇ ನಂಬಿಕೊಂಡು ನಾನೂ ಮುಂಬೈಗೆ ಹೋಗಿದ್ದೆ. ಹಿಂದಿ ಶೋ, ಹೆಸರು ಬೇಡ. ಒಬ್ಬ ಹುಡುಗ, ಅವನಿಗಾಗಿ ನಾವೊಂದಷ್ಟು ಹುಡುಗಿಯರು. ಒಳಗೆ ನಾನು ನಾನಾಗೇ ಇದ್ದೆ. ಒಂದು ಸುಳ್ಳನ್ನೂ ಹೇಳಲಿಲ್ಲ. ಆದರೂ ಟಿವಿಯಲ್ಲಿ ಬಂದವಳು ನಾನಲ್ಲ.

ಎಲ್ಲಿ ಎಡವಿದೆ ಅಂತ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ನಿಮಗೂ ಅದೇ ಕುರ್ಚಿ ಸಿಗುತ್ತದೆ. ಮನೆಯ ಪಕ್ಕದಲ್ಲಿ ಒಂದು ಸಣ್ಣ ಕೋಣೆ ಇರುತ್ತದೆ. ಒಂದು ಕ್ಯಾಮೆರಾ, ಎರಡು ಲೈಟು, ಎದುರಿಗೆ ಸ್ಟೋರಿ ಟೀಮಿನ ಒಬ್ಬರು. ಶೋನಲ್ಲಿ ಆಗಾಗ ಒಬ್ಬರೇ ಕೂತು ಮನಸ್ಸಿನ ಮಾತು ಹೇಳುತ್ತಾರಲ್ಲ, ಅದನ್ನು ತೆಗೆಯುವುದು ಅಲ್ಲೇ. ಮೊದಲ ದಿನವೇ ನಮಗೆ ಎರಡು ನಿಯಮ ಹೇಳಿಕೊಟ್ಟರು. ನಮ್ಮ ಪ್ರಶ್ನೆ ಟಿವಿಯಲ್ಲಿ ಕೇಳಿಸಲ್ಲ, ಹಾಗಾಗಿ ಉತ್ತರ ಪೂರ್ತಿ ವಾಕ್ಯದಲ್ಲಿರಲಿ. ಮತ್ತೆ, ಎಲ್ಲವನ್ನೂ ಈಗ ನಡೆಯುತ್ತಿರುವ ಹಾಗೆ ಹೇಳಿ. ಜೊತೆಗೆ ಇಂಟರ್‌ವ್ಯೂಗೆ ಒಂದೇ ಡ್ರೆಸ್ಸು, ಒಂದೇ ಥರ ಕೂದಲು. ಇದು ಅಂದಕ್ಕೆ ಅಂತ ನಾನು ತಿಳಿದಿದ್ದೆ. ಅಲ್ಲ, ಯಾವ ದಿನ ಆಡಿದ ಮಾತನ್ನು ಯಾವ ದಿನಕ್ಕೆ ಅಂಟಿಸಿದರೂ ನೋಡುವವರಿಗೆ ಗೊತ್ತಾಗಬಾರದು ಅಂತ.

ಒಂದು ಸಂಜೆ ಎದುರಿಗೆ ಕೂತಿದ್ದ ಸ್ಟೋರಿ ಟೀಮಿನ ಹೆಣ್ಣುಮಗಳು ಕೇಳಿದರು: "ನಾಳೆ ಅವನು ನಿಮ್ಮ ಫ್ರೆಂಡನ್ನೇ ಡೇಟಿಗೆ ಕರೆದ ಅಂದ್ಕೊಳ್ಳಿ. ಏನನ್ಸುತ್ತೆ?" ಹಾಗೆ ಆಗಲಿಕ್ಕಿಲ್ಲ ಅಂದೆ. "ಸುಮ್ನೆ ಊಹಿಸಿ ಹೇಳಿ" ಅಂದರು. ಹೇಳಿದೆ. ಹಾಗೇನಾದರೂ ಆದರೆ ಅಂತ ಶುರು ಮಾಡಿದವಳು, ನಿಯಮದ ಪ್ರಕಾರ ನಡೆಯುತ್ತಿರುವ ಹಾಗೆ ಮುಗಿಸಿದೆ: "ಅವನು ಅವಳನ್ನ ಕರೆದಿದ್ದಾನೆ, ನಂಗೆ ಹೊಟ್ಟೆ ಉರೀತಿದೆ, ಅವಳು ಗೇಮ್ ಆಡ್ತಿದ್ದಾಳೆ ಅನ್ಸುತ್ತೆ."

ಕೆಲವು ದಿನ ಬಿಟ್ಟು ಅವಳಿಗೆ ನಿಜವಾಗಲೂ ಡೇಟ್ ಸಿಕ್ಕಿತು. ಅಲ್ಲಿಯವರೆಗೆ ಯಾರೂ ಕರೆದಿಲ್ಲ ಅಂತ ರಾತ್ರಿಯೆಲ್ಲ ಅತ್ತವಳು ಅವಳು. ಅವಳು ಹೂ ಹಿಡಿದು ವಾಪಸ್ ಬಂದಾಗ ಓಡಿಹೋಗಿ ತಬ್ಬಿಕೊಂಡೆ, ಖುಷಿಯಿಂದ. ಟಿವಿಯಲ್ಲಿ ಆ ಅಪ್ಪುಗೆ ಬಂತು. ಅದು ಮುಗಿದ ತಕ್ಷಣ ನನ್ನ ಇಂಟರ್‌ವ್ಯೂ ಬಂತು, "ಹಾಗೇನಾದರೂ ಆದರೆ" ಅನ್ನುವ ಭಾಗ ಇಲ್ಲದೆ. ಪ್ರತಿ ಪದವೂ ನನ್ನದೇ, ಧ್ವನಿಯೂ ನನ್ನದೇ. ಆ ಹುಡುಗಿ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ನಮ್ಮಮ್ಮ ಆ ವರ್ಷ ನೆಂಟರ ಎರಡು ಮದುವೆಗೆ ಹೋಗಲಿಲ್ಲ.

ಬಿಗ್ ಬಾಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಅಲ್ಲಿ ಆಟ ಆಟವೇ ಅಂತ ಎಲ್ಲರಿಗೂ ಗೊತ್ತು. ನಾಮಿನೇಷನ್ ಇದೆ, ವೋಟ್ ಇದೆ, ಕಪ್ ಬೇಕು ಅಂತ ಬಾಯಿಬಿಟ್ಟು ಹೇಳಬಹುದು. ನೀವು ಒಳಗಿರುವಾಗಲೇ ಎಪಿಸೋಡ್ ಪ್ರಸಾರ ಆಗುತ್ತದೆ, ವಾರದ ಕೊನೆಗೆ ಸುದೀಪ್ ಎದುರು ನಿಂತು ನಿಮ್ಮ ಕಡೆಯದನ್ನು ಹೇಳಿಕೊಳ್ಳುವ ಅವಕಾಶವೂ ಇದೆ. ಹಾಡಿನ ಶೋನಲ್ಲಿ ಶ್ರುತಿ ತಪ್ಪಿದರೆ ಎಲ್ಲರ ಕಿವಿಗೂ ಬೀಳುತ್ತದೆ. ಡೇಟಿಂಗ್ ಶೋನಲ್ಲಿ ಪೈಪೋಟಿ ಇರುವುದು ಪ್ರೀತಿಗೆ, ಅದು ಕ್ಯಾಮೆರಾಗೆ ಕಾಣುವ ವಸ್ತು ಅಲ್ಲ. ಯಾರದು ನಿಜವಾದ ಪ್ರೀತಿ, ಯಾರದು ನಾಟಕ ಅಂತ ಜನ ತೀರ್ಮಾನ ಮಾಡಲು ಇರುವ ದೊಡ್ಡ ಸಾಕ್ಷಿ ಆ ಕೋಣೆಯ ಮಾತು. ಆ ಮಾತನ್ನು ಕತ್ತರಿಸುವುದು ಎಡಿಟರ್. ಅದರ ಮೇಲೆ, ಇಂಥ ಬಹಳಷ್ಟು ಶೋಗಳ ಶೂಟಿಂಗ್ ಪ್ರಸಾರಕ್ಕೆ ಮುಂಚೆಯೇ ಮುಗಿದಿರುತ್ತದೆ. ನಿಮ್ಮನ್ನು ಹೇಗೆ ತೋರಿಸಿದ್ದಾರೆ ಅಂತ ಗೊತ್ತಾಗುವ ಹೊತ್ತಿಗೆ ನೀವು ಮನೆಯಲ್ಲಿ ಸೋಫಾ ಮೇಲೆ ಕೂತಿರುತ್ತೀರಿ. ಬ್ರಿಟನ್ನಿನ ಲವ್ ಐಲ್ಯಾಂಡ್ ಥರ ಹೆಚ್ಚುಕಡಿಮೆ ದಿನದಿನವೂ ಪ್ರಸಾರ ಆಗುವಂಥವು ಕಡಿಮೆ.

ಹಾಗಾಗಿ "ನಾನು ನಾನಾಗಿದ್ದರೆ ಸಾಕಾ" ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಕೊನೆಗೆ ಆರಿಸುವವರು ಯಾರು ಅಂತ ಕೇಳಿ.

ಒಬ್ಬರು ಆರಿಸುವುದು, ಉಳಿದವರೆಲ್ಲ ಕಾಯುವುದು ಒಂದು ಥರ. ಅಮೆರಿಕದ ದಿ ಬ್ಯಾಚುಲರ್ 2002ರಲ್ಲಿ ಶುರುವಾಯಿತು, ನಮ್ಮಲ್ಲಿ 2009ರ ರಾಖಿ ಕಾ ಸ್ವಯಂವರ್ ಅದೇ ಜಾತಿಯದು. ರಾಖಿ ಸಾವಂತ್ ಫಿನಾಲೆಯಲ್ಲಿ ಮದುವೆ ಆಗಲಿಲ್ಲ, ನಿಶ್ಚಿತಾರ್ಥ ಮಾಡಿಕೊಂಡರು, ಅದೂ ಉಳಿಯಲಿಲ್ಲ. ಈ ಥರದಲ್ಲಿ ಏನಾಗಬಹುದು ಅಂತ ನೋಡಬೇಕಾದರೆ ಪಕ್ಕದ ತಮಿಳುನಾಡಿನ 2018ರ ಎಂಗ ವೀಟ್ಟು ಮಾಪಿಳ್ಳೈ ನೋಡಿ. ನಟ ಆರ್ಯ ಒಬ್ಬರು, ಹುಡುಗಿಯರು 16. ಒಬ್ಬೊಬ್ಬರಾಗಿ ಮನೆಗೆ ಹೋದರು. ಕೊನೆಯ ಹಂತಕ್ಕೆ ಆರ್ಯ ಹುಡುಗಿಯರ ಮನೆಗೇ ಹೋದರು, ಅಪ್ಪ ಅಮ್ಮ, ನೆಂಟರೆಲ್ಲ ಕ್ಯಾಮೆರಾ ಮುಂದೆ ಬಂದರು. ಉಳಿದವರು ಮೂವರು. ಫಿನಾಲೆಯಲ್ಲಿ ಅವರು ಯಾರನ್ನೂ ಆರಿಸಲಿಲ್ಲ. ಮರುವರ್ಷ ನಟಿ ಸಾಯೇಷಾ ಅವರನ್ನು ಮದುವೆಯಾದರು. ನಾನು ಆರ್ಯ ಅವರನ್ನು ಬೈಯುತ್ತಿಲ್ಲ. ಆ ಸ್ಥಿತಿಯಲ್ಲಿ ಒಬ್ಬರಿಗೆ ಹೂಂ ಅನ್ನುವುದು ಯಾರಿಗೂ ಕಷ್ಟವೇ. ನಾನು ಹೇಳುತ್ತಿರುವುದು ಫಾರ್ಮ್ಯಾಟಿನ ಬಗ್ಗೆ. ಆರಿಸುವವರು ಬೇಡ ಅಂದು ಎದ್ದುಹೋಗಬಹುದು. ಹುಡುಗಿಯರಿಗೆ ಇರುವುದು ಕಾಯುವ ಕೆಲಸ. ಆ ಕಾಯುವಿಕೆಯಲ್ಲಿ ಕಥೆ ಹುಟ್ಟಬೇಕಾದರೆ ಅವರವರ ನಡುವೆಯೇ ಜಗಳ ಹುಟ್ಟಬೇಕು. ಆ ಸಂಜೆ ನನಗೆ ಬಂದ ಪ್ರಶ್ನೆ ಅದಕ್ಕೇ ಬಂದದ್ದು.

ಸ್ಪ್ಲಿಟ್ಸ್‌ವಿಲ್ಲಾ ಥರದ್ದರಲ್ಲಿ ಎರಡೂ ಕಡೆಯವರು ಜೋಡಿ ಆರಿಸುತ್ತಾರೆ, ಟಾಸ್ಕ್ ಇರುತ್ತದೆ, ಗೆಲ್ಲಲು ಬಂದಿದ್ದೇನೆ ಅಂದರೆ ಯಾರೂ ಬೈಯಲ್ಲ. ನನ್ನ ಪ್ರಕಾರ ಅದು ಹೆಚ್ಚು ಪ್ರಾಮಾಣಿಕ. ಲವ್ ಈಸ್ ಬ್ಲೈಂಡ್ ಬೇರೆ ದಾರಿ. ಮುಖ ನೋಡದೆ ಗೋಡೆಯಾಚೆಯಿಂದ ಮಾತು, ಅಲ್ಲೇ ನಿಶ್ಚಯ, ಆಮೇಲೆ ಮುಖ ನೋಡುವುದು, ಕೆಲವೇ ವಾರಗಳಲ್ಲಿ ಮದುವೆ ಮಂಟಪ. ಅಲ್ಲಿ ಇಬ್ಬರಿಗೂ ಬೇಡ ಅನ್ನುವ ಹಕ್ಕು ಸಮ, ಆದರೆ ತಾರೀಖು ನಿಮ್ಮ ಕೈಯಲ್ಲಿಲ್ಲ. ಅವರ ಕೈಯಲ್ಲಿರುವ ಆ ಬಂಗಾರದ ಬಣ್ಣದ ಲೋಟ ಗಮನಿಸಿದ್ದೀರಾ? ಒಳಗೆ ಎಷ್ಟು ಉಳಿದಿದೆ ಅಂತ ಕಾಣಲ್ಲ. ಮಾತನ್ನು ಹಿಂದೆಮುಂದೆ ಜೋಡಿಸಿದರೂ ಲೋಟ ಚಾಡಿ ಹೇಳಲ್ಲ.

ನಿಮ್ಮದು ಒಬ್ಬರೇ ಆರಿಸುವ ಶೋ ಆಗಿದ್ದರೆ ಹೋಗಬೇಡಿ. ಇದು ನನ್ನ ಖಡಾಖಂಡಿತ ಮಾತು. ಜೋಡಿ ಆಟದ ಶೋ ಆಗಿದ್ದರೆ ಹೋಗಿ, ಪ್ರೀತಿ ಹುಡುಕಲು ಅಂತ ಅಲ್ಲ, ಆಡಲು ಹೋಗಿ. ಆ ಕೋಣೆಯಲ್ಲಿ "ಅಂದ್ಕೊಳ್ಳಿ" ಅಂತ ಶುರುವಾಗುವ ಯಾವ ಪ್ರಶ್ನೆಗೂ ಉತ್ತರ ಕೊಡಬೇಡಿ. "ಅದಿನ್ನೂ ನಡೆದಿಲ್ಲ, ನಡೆದ ಮೇಲೆ ಕೇಳಿ" ಅಂದು ಬಾಯಿ ಮುಚ್ಚಿಕೊಳ್ಳಿ. ಮತ್ತೆ ಮತ್ತೆ ಕೇಳುತ್ತಾರೆ, ಮತ್ತೆ ಮತ್ತೆ ಅದನ್ನೇ ಹೇಳಿ. ಬೇರೆಯವರ ಬಗ್ಗೆ ಕೇಳಿದರೆ ಕಣ್ಣಾರೆ ಕಂಡದ್ದು ಮಾತ್ರ ಹೇಳಿ, ಅವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಬೇಡಿ.

ಈ ವಾರ ಒಂದು ಕೆಲಸ ಮಾಡಿ. ಯಾವುದಾದರೂ ಡೇಟಿಂಗ್ ಶೋದ ಒಂದು ಎಪಿಸೋಡ್ ಹಾಕಿಕೊಂಡು ಇಂಟರ್‌ವ್ಯೂ ಭಾಗ ಮಾತ್ರ ನೋಡಿ. ಮಾತಿನ ಮಧ್ಯೆ ಮುಖ ಮರೆಯಾಗಿ ಸ್ವಿಮ್ಮಿಂಗ್ ಪೂಲ್, ಸೂರ್ಯಾಸ್ತ ಬರುತ್ತದಲ್ಲ, ಅಲ್ಲಿ ಕಣ್ಣು ಮುಚ್ಚಿ ಕೇಳಿ. ಧ್ವನಿಯ ಏರಿಳಿತ ಥಟ್ ಅಂತ ಬದಲಾಗಿದ್ದರೆ, ಅಲ್ಲಿ ಎರಡು ಬೇರೆ ಮಾತುಗಳನ್ನು ಸೇರಿಸಿ ಒಂದು ವಾಕ್ಯ ಮಾಡಿರುವ ಸಾಧ್ಯತೆ ಜಾಸ್ತಿ. ಆಮೇಲೆ ನಿಮಗೆ ಕಳಿಸಿರುವ ಕಾಂಟ್ರ್ಯಾಕ್ಟ್ ತೆಗೆದು, ಎಡಿಟಿಂಗ್ ಹಕ್ಕಿನ ಬಗ್ಗೆ ಮತ್ತು ಮಧ್ಯದಲ್ಲಿ ಬಿಟ್ಟುಬಂದರೆ ಎಷ್ಟು ಕಟ್ಟಬೇಕು ಅನ್ನುವುದರ ಬಗ್ಗೆ ಏನಿದೆ ಅಂತ ಓದಿ. ಅಲ್ಲೇ ಕೂತು ಸೈನ್ ಮಾಡಿ ಅಂದರೆ ಮಾಡಬೇಡಿ, ಮನೆಗೆ ತಂದು ಒಬ್ಬ ವಕೀಲರಿಗೆ ತೋರಿಸಿ. ನಾನು ಹೋಟೆಲ್ ಲಾಬಿಯಲ್ಲೇ ಮಾಡಿದ್ದೆ.